ಅವ್ವನ ಮರೆವು ಮತ್ತು ಮೂರು ಮಾತ್ರೆಗಳು



ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಡಾಕ್ಟರ್ ಅಲ್ಲ. ಎಂಟೆಕ್ ಮಾಡಿ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋನು. ಇವತ್ತು ಮಾತಾಡ್ತಿರೋದು ನಮ್ಮನೆಯಲ್ಲಿ ನಡೆದ ಒಂದು ವಿಷಯ, ಆಮೇಲೆ ಅದರ ಬಗ್ಗೆ ಡಾಕ್ಟರ ಹತ್ತಿರ ಕೇಳಿ, ಓದಿ ತಿಳ್ಕೊಂಡದ್ದು. ಇದನ್ನ ಕೇಳಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಯಾಕೆ ನಿಲ್ಲಿಸಬಾರದು ಅನ್ನೋದನ್ನೂ ಮುಂದೆ ಹೇಳ್ತೀನಿ.

ನಮ್ಮವ್ವನಿಗೆ 72 ವರ್ಷ. ಧಾರವಾಡದ ಕಡೆಯವರು. ಅಪ್ಪ ಹೋದ ಮೇಲೆ ನನ್ನ ಜೊತೆ ಪುಣೆಯಲ್ಲಿದ್ದಾರೆ. ಸಕ್ಕರೆ ಕಾಯಿಲೆ ಇದೆ, ಬಿಪಿ ಇದೆ, ಎರಡಕ್ಕೂ ಮಾತ್ರೆ ನಡೀತಿದೆ. ಎರಡು ವರ್ಷದ ಹಿಂದೆ ಅವರಿಗೆ ಹೊಸ ತೊಂದರೆ ಶುರುವಾಯ್ತು. ಮೂತ್ರ ಬಂತು ಅಂದ್ರೆ ತಡಕೊಳ್ಳೋಕೆ ಆಗ್ತಿರಲಿಲ್ಲ. ಬಾತ್‌ರೂಮ್ ಬಾಗಿಲು ಮುಟ್ಟೋದರೊಳಗೆ ಸೀರೆ ಒದ್ದೆ. ರಾತ್ರಿ ನಾಲ್ಕು ಸಲ ಏಳೋದು. ಇದನ್ನ ನನಗೆ ಹೇಳಲೇ ಇಲ್ಲ. ಊರಿಗೆ ಹೋಗೋಣ ಅಂದಾಗಲೆಲ್ಲ ಒಂದೊಂದು ನೆಪ ಹೇಳ್ತಿದ್ರು. ಕೊನೆಗೆ ಒಂದು ದಿನ ಬಾಯಿಬಿಟ್ಟರು: "ತಮ್ಮಾ, ಬಸ್ಸಿನ್ಯಾಗ ಹ್ಯಾಂಗ ಹೋಗ್ಲೋ? ನಡುವ ತಡಕೊಳ್ಳಾಕ ಆಗಂಗಿಲ್ಲ."

ಹೀಗೆ ಮೂತ್ರಕೋಶ ತುಂಬೋ ಮೊದಲೇ ಅವಸರ ಮಾಡೋದಕ್ಕೆ ಇಂಗ್ಲಿಷಲ್ಲಿ ಓವರ್‌ಆಕ್ಟಿವ್ ಬ್ಲಾಡರ್ ಅಂತಾರೆ. ಸಾಮಾನ್ಯವಾಗಿ ನಮ್ಮ ಮೂತ್ರಕೋಶ 300–400 ಮಿ.ಲೀ. ತನಕ ಸುಮ್ಮನೆ ತುಂಬಿಕೊಳ್ಳುತ್ತೆ. ಅದರ ಗೋಡೆಯಲ್ಲಿ ಒಂದು ಸ್ನಾಯು ಇದೆ. ಅದು ಬಿಗಿಯಾದಾಗ ಮೂತ್ರ ಹೊರಗೆ ಬರುತ್ತೆ. ಈ ತೊಂದರೆ ಇರೋರಲ್ಲಿ ಆ ಸ್ನಾಯು ಅರ್ಧ ತುಂಬೋ ಮೊದಲೇ ಬಿಗಿಯಾಗೋಕೆ ಶುರುಮಾಡುತ್ತೆ.

ಸ್ನಾಯುವಿಗೆ "ಬಿಗಿಯಾಗು" ಅಂತ ನರ ಹೇಳೋದು ಒಂದು ರಾಸಾಯನಿಕದ ಮೂಲಕ. ಅದರ ಹೆಸರು ಅಸಿಟೈಲ್‌ಕೋಲಿನ್. ಹಳೆಯ ಕಾಲದಿಂದ ಕೊಡ್ತಾ ಬಂದಿರೋ ಮಾತ್ರೆಗಳು ಈ ಸಂದೇಶ ಸ್ನಾಯುವಿಗೆ ಮುಟ್ಟದ ಹಾಗೆ ಅಡ್ಡ ನಿಲ್ಲುತ್ತವೆ. ಆಕ್ಸಿಬ್ಯುಟಿನಿನ್, ಟಾಲ್ಟೆರೊಡಿನ್, ಸಾಲಿಫೆನಾಸಿನ್, ಡಾರಿಫೆನಾಸಿನ್ ಎಲ್ಲ ಈ ಗುಂಪಿನವು. ಒಟ್ಟಾಗಿ ಇವನ್ನ ಆಂಟಿಕೋಲಿನರ್ಜಿಕ್ ಅಂತಾರೆ.

ಕಷ್ಟ ಏನಪ್ಪಾ ಅಂದ್ರೆ, ಅಸಿಟೈಲ್‌ಕೋಲಿನ್ ಮೂತ್ರಕೋಶಕ್ಕೆ ಮಾತ್ರ ಸೇರಿದ್ದಲ್ಲ. ಬಾಯಲ್ಲಿ ಜೊಲ್ಲು ಬರಿಸೋದೂ ಅದೇ, ಕರುಳನ್ನ ನಡೆಸೋದೂ ಅದೇ, ಹತ್ತಿರದ ಅಕ್ಷರ ಕಾಣೋ ಹಾಗೆ ಕಣ್ಣನ್ನ ಹೊಂದಿಸೋದೂ ಅದೇ. ಅದಕ್ಕೇ ಈ ಮಾತ್ರೆ ತಗೊಂಡವರಿಗೆ ಬಾಯಿ ಒಣಗುತ್ತೆ, ಮಲಬದ್ಧತೆ ಆಗುತ್ತೆ, ಕಣ್ಣು ಮಂಜಾಗುತ್ತೆ. ಇಷ್ಟನ್ನ ಡಾಕ್ಟರು ಸಾಮಾನ್ಯವಾಗಿ ಹೇಳ್ತಾರೆ. ಹೆಚ್ಚು ಜನ ಕೇಳಿರದ ವಿಷಯ ಇನ್ನೊಂದಿದೆ. ಮಿದುಳಲ್ಲಿ ಹೊಸ ನೆನಪು ಕೂಡಿಸೋ ಕೆಲಸದಲ್ಲೂ ಅಸಿಟೈಲ್‌ಕೋಲಿನ್‌ಗೆ ದೊಡ್ಡ ಪಾತ್ರ ಇದೆ.

ಅವ್ವನಿಗೆ ಜೂನ್‌ನಲ್ಲಿ ಆಕ್ಸಿಬ್ಯುಟಿನಿನ್ 5 ಮಿ.ಗ್ರಾಂ. ದಿನಕ್ಕೆ ಎರಡು ಸಲ ಬರೆದುಕೊಟ್ಟರು. ಮೊದಲ ಎರಡು ವಾರ ನಿಜಕ್ಕೂ ಅನುಕೂಲ ಆಯ್ತು. ಸೀರೆ ಒದ್ದೆಯಾಗೋದು ಕಡಿಮೆಯಾಯ್ತು. ನಾನೂ ಸಮಾಧಾನ ಪಟ್ಟು ನನ್ನ ಕೆಲಸಕ್ಕೆ ಬಿದ್ದೆ.

ಆಗಸ್ಟ್‌ನಲ್ಲಿ ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಅದೇನು ದೊಡ್ಡದಲ್ಲ ಬಿಡಿ. ಆಮೇಲೆ ಬೆಳಿಗ್ಗೆ ಫೋನಲ್ಲಿ ನಮ್ಮ ಅತ್ತೆ ಜೊತೆ ಅರ್ಧ ಗಂಟೆ ಮಾತಾಡಿದ್ದು ಸಂಜೆಗೆ ನೆನಪಿಲ್ಲ. ಸಕ್ಕರೆ ಮಾತ್ರೆ ತಗೊಂಡೆನೋ ಇಲ್ಲೋ ಗೊತ್ತಾಗದೆ ಇನ್ನೊಂದು ತಗೊಳ್ಳೋಕೆ ಹೊರಟಿದ್ರು. ಆಗ ನನಗೆ ಭಯ ಆಯ್ತು. ಕೇಳಿದ್ರೆ ಅವ್ವನ ಉತ್ತರ ಒಂದೇ: "ನನಗೇನಾಗೇದ? ವಯಸ್ಸಾತು, ಅಷ್ಟ."

ಅವ್ವ ಸುಳ್ಳು ಹೇಳ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗ್ತಿರಲಿಲ್ಲ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. 60 ದಾಟಿದ 150 ಆರೋಗ್ಯವಂತರಿಗೆ ಮೂರು ವಾರ ಕೆಲವರಿಗೆ ಆಕ್ಸಿಬ್ಯುಟಿನಿನ್, ಕೆಲವರಿಗೆ ಡಾರಿಫೆನಾಸಿನ್, ಕೆಲವರಿಗೆ ಖಾಲಿ ಮಾತ್ರೆ ಕೊಟ್ಟರು. ಮುಖ ತೋರಿಸಿ ಹೆಸರು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಯಾರ ಹೆಸರೇನು ಅಂತ ಕೇಳೋ ಪರೀಕ್ಷೆ ಮಾಡಿದರು. ಆಕ್ಸಿಬ್ಯುಟಿನಿನ್ ತಗೊಂಡವರ ನೆನಪು ಸ್ಪಷ್ಟವಾಗಿ ಇಳಿದಿತ್ತು. ಡಾರಿಫೆನಾಸಿನ್ ತಗೊಂಡವರದ್ದು ಖಾಲಿ ಮಾತ್ರೆಯವರಿಗಿಂತ ಅಷ್ಟೇನೂ ಬೇರೆಯಾಗಿರಲಿಲ್ಲ. ಆದರೆ "ನಿಮ್ಮ ನೆನಪು ಹೇಗಿದೆ" ಅಂತ ಅವರನ್ನೇ ಕೇಳಿದಾಗ, ನೆನಪು ಇಳಿದವರಿಗೂ ಏನೂ ವ್ಯತ್ಯಾಸ ಅನಿಸಿರಲಿಲ್ಲ. ಹಾಗಾಗಿ ಮನೆಯಲ್ಲಿ ಹಿರಿಯರಿಗೆ ಈ ಮಾತ್ರೆ ಶುರುವಾದರೆ ಅವರನ್ನ ಕೇಳಿದ್ರೆ ಸಾಲದು. ಪಕ್ಕದಲ್ಲಿರೋರು ನೋಡ್ತಿರಬೇಕು.

ಒಂದೇ ಗುಂಪಿನ ಎರಡು ಮಾತ್ರೆ ಯಾಕೆ ಬೇರೆ ಬೇರೆ ಥರ ನಡ್ಕೊಂಡವು? ರಕ್ತದಿಂದ ಮಿದುಳಿಗೆ ಹೋಗೋ ದಾರಿಯಲ್ಲಿ ಒಂದು ತಡೆ ಇದೆ. ಆಕ್ಸಿಬ್ಯುಟಿನಿನ್ ಕಣ ಚಿಕ್ಕದು, ಕೊಬ್ಬಿನಲ್ಲಿ ಸುಲಭವಾಗಿ ಕರಗೋದು, ಹಾಗಾಗಿ ಆ ತಡೆ ದಾಟಿಬಿಡುತ್ತೆ. ಡಾರಿಫೆನಾಸಿನ್ ಮುಖ್ಯವಾಗಿ ಮೂತ್ರಕೋಶದ ಸ್ನಾಯುವಿನಲ್ಲಿರೋ ಒಂದು ಬಗೆಯ ಗ್ರಾಹಕಕ್ಕೆ ಅಂಟಿಕೊಳ್ಳುತ್ತೆ, ನೆನಪಿಗೆ ಬೇಕಾದ ಬಗೆಯನ್ನ ಅಷ್ಟಾಗಿ ಮುಟ್ಟೋದಿಲ್ಲ. ಟ್ರಾಸ್ಪಿಯಂ ಅಂತ ಇನ್ನೊಂದಿದೆ, ಅದರ ಕಣಕ್ಕೆ ವಿದ್ಯುದಾವೇಶ ಇರೋದರಿಂದ ತಡೆ ದಾಟೋದು ಕಷ್ಟ. ಬ್ರಿಟನ್ನಿನ ಎನ್‌ಐಸಿಇ ಮಾರ್ಗಸೂಚಿಯಲ್ಲೂ, ದೇಹ ಅಥವಾ ಮನಸ್ಸಿನ ಸ್ಥಿತಿ ದಿಢೀರ್ ಕೆಡೋ ಸಾಧ್ಯತೆ ಇರೋ ವಯಸ್ಸಾದ ಹೆಂಗಸರಿಗೆ ಸಾಮಾನ್ಯ ಆಕ್ಸಿಬ್ಯುಟಿನಿನ್ ಮಾತ್ರೆ ಕೊಡಬೇಡಿ ಅಂತಲೇ ಇದೆ.

ಅಕ್ಟೋಬರ್‌ನಲ್ಲಿ ನಾವು ವೃದ್ಧರನ್ನ ನೋಡೋ ಒಬ್ಬ ಫಿಜಿಷಿಯನ್ ಹತ್ತಿರ ಹೋದೆವು. ನಾನು ಎಂಆರ್‌ಐ ಬರೀತಾರೆ ಅಂದ್ಕೊಂಡಿದ್ದೆ. ಅವರು ಕೇಳಿದ್ದು, "ಆಜಿ ತಗೊಳ್ಳೋ ಮಾತ್ರೆಗಳ ಚೀಟಿ ಅಲ್ಲ, ಮಾತ್ರೆಗಳನ್ನೇ ತನ್ನಿ. ಅಂಗಡಿಯಿಂದ ತಂದಿದ್ದೂ ಇರಲಿ." ಅವ್ವನ ಡಬ್ಬಿ ತಂದು ಮೇಜಿನ ಮೇಲೆ ಸುರಿದೆ. ಡಾಕ್ಟರು ಅದರಲ್ಲಿ ಮೂರು ಪಟ್ಟಿ ಬೇರೆ ತೆಗೆದಿಟ್ಟರು.

ಒಂದು ಆಕ್ಸಿಬ್ಯುಟಿನಿನ್. ಎರಡನೆಯದು ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ. ಅದು ಸಕ್ಕರೆಯಿಂದ ಪಾದ ಉರೀತಿದೆ ಅಂತ ಬೇರೆ ಡಾಕ್ಟರು ನಾಲ್ಕು ವರ್ಷದ ಹಿಂದೆ ಕೊಟ್ಟಿದ್ದು. ಯಾರೂ ನಿಲ್ಲಿಸಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಮೂರನೆಯದು ನೆಗಡಿ ಮಾತ್ರೆ. ಮಳೆಗಾಲದಲ್ಲಿ ಮೂಗು ಸೋರುತ್ತೆ ಅಂತ ಕೆಳಗಿನ ಅಂಗಡಿಯಿಂದ ನಾನೇ ತಂದುಕೊಟ್ಟಿದ್ದು. ಜುಲೈಯಿಂದ ಹೆಚ್ಚು ಕಮ್ಮಿ ದಿನಾ ರಾತ್ರಿ ತಗೊಳ್ತಿದ್ರು. ಅದರ ಹಿಂದೆ ಸಣ್ಣಕ್ಷರದಲ್ಲಿ ಕ್ಲೋರ್‌ಫೆನಿರಮಿನ್ ಅಂತಿತ್ತು.

ಮೂರಕ್ಕೂ ಕಾಯಿಲೆ ಬೇರೆ, ಬರೆದವರು ಬೇರೆ. ಮಿದುಳಿಗೆ ಮಾತ್ರ ಮೂರೂ ಒಂದೇ. ಮೂರೂ ಅಸಿಟೈಲ್‌ಕೋಲಿನ್‌ಗೆ ಅಡ್ಡ ನಿಲ್ಲೋವೇ. ಡಾಕ್ಟರು ಬಳಸೋ ಒಂದು ಅಂಕಪಟ್ಟಿ ಇದೆ, ಆಂಟಿಕೋಲಿನರ್ಜಿಕ್ ಬರ್ಡನ್ ಅಂತ. ಪ್ರತಿ ಮಾತ್ರೆಗೆ 1ರಿಂದ 3ರ ತನಕ ಅಂಕ. ಒಟ್ಟು 3 ಅಥವಾ ಹೆಚ್ಚಾದರೆ ಎಚ್ಚರ ವಹಿಸಬೇಕು ಅಂತ ಲೆಕ್ಕ. ಅವ್ವನ ಮೂರು ಮಾತ್ರೆಗೂ ತಲಾ 3. ಒಟ್ಟು 9. ತುರಿಕೆಗೆ ಕೊಡೋ ಹೈಡ್ರಾಕ್ಸಿಜಿನ್ ಕೂಡ ಇದೇ ಪಟ್ಟಿಯಲ್ಲಿ 3 ಅಂಕದ್ದು. ಹೊಟ್ಟೆನೋವಿಗೆ ಕೊಡೋ ಡೈಸೈಕ್ಲೊಮಿನ್ ಕೂಡ ಇದೇ ಜಾತಿ. ನಮ್ಮ ಮನೆಗಳ ಮಾತ್ರೆ ಡಬ್ಬಿಯಲ್ಲಿ ಇವೆಲ್ಲ ಇದ್ದೇ ಇರುತ್ತವೆ ನೋಡಿ.

ಡಾಕ್ಟರು ಇನ್ನೊಂದು ಕೆಲಸ ಹೇಳಿದರು. ಮೂರು ದಿನ ಒಂದು ಡೈರಿ ಬರೆಯಿರಿ: ಎಷ್ಟು ಕುಡಿದ್ರು, ಎಷ್ಟು ಗಂಟೆಗೆ ಹೋದ್ರು, ಎಷ್ಟು ಮಿ.ಲೀ. ಅವ್ವನಿಗೆ ಮೊದಲು ನಾಚಿಕೆ, ಆಮೇಲೆ ಒಂದು ಹಳೆಯ ಅಳತೆ ಮಗ್ಗು ಅದಕ್ಕೇ ಅಂತ ಮೀಸಲಿಟ್ಟರು. ಮೂರು ದಿನದ ಸರಾಸರಿ ಹೀಗಿತ್ತು: ಹಗಲು 12 ಸಲ, ರಾತ್ರಿ 4 ಸಲ, ಪ್ರತಿ ಸಲ 130 ಮಿ.ಲೀ. ಆಸುಪಾಸು. ಕುಡಿದಿದ್ದು ದಿನಕ್ಕೆ ಎರಡೂವರೆ ಲೀಟರಿಗಿಂತ ಹೆಚ್ಚು, ಅದರಲ್ಲಿ ಅರ್ಧ ಸಂಜೆ ಆರರ ನಂತರ.

ಯಾಕೆ ಅಷ್ಟು ನೀರು? ಬಾಯಿ ಒಣಗ್ತಿತ್ತಲ್ಲ, ಅದಕ್ಕೆ. ಮೂತ್ರ ಕಡಿಮೆ ಮಾಡೋಕೆ ಮಾತ್ರೆ, ಮಾತ್ರೆಯಿಂದ ಬಾಯಿ ಒಣಗೋದು, ಒಣಗಿದ್ದಕ್ಕೆ ನೀರು, ನೀರಿನಿಂದ ಮೂತ್ರ. ಇಷ್ಟೇ ಅಲ್ಲ. ಮಲಬದ್ಧತೆಯಿಂದ ಕರುಳು ತುಂಬಿಕೊಂಡರೆ ಅದು ಪಕ್ಕದ ಮೂತ್ರಕೋಶವನ್ನ ಒತ್ತುತ್ತೆ, ಅವಸರ ಜಾಸ್ತಿಯಾಗುತ್ತೆ. ಮೂತ್ರ ಹೋದ ಮೇಲೆ ಸ್ಕ್ಯಾನ್ ಮಾಡಿಸಿದಾಗ ಒಳಗೆ ಇನ್ನೂ 140 ಮಿ.ಲೀ. ಉಳಿದಿತ್ತು. ಸ್ನಾಯುವನ್ನ ಮಾತ್ರೆ ಎಷ್ಟು ಸಡಿಲ ಮಾಡಿತ್ತು ಅಂದ್ರೆ ಅದು ಪೂರ್ತಿ ಖಾಲಿ ಮಾಡೋದನ್ನೇ ಬಿಟ್ಟಿತ್ತು. ಖಾಲಿಯಾಗದ ಕೊಡ ಬೇಗ ತುಂಬುತ್ತೆ ಅಲ್ವಾ? ಮೊದಲ ಎರಡು ವಾರ ಅನುಕೂಲವಾಗಿ ಆಮೇಲೆ ಮತ್ತೆ ಹಳೇ ಕಥೆ ಯಾಕಾಯ್ತು ಅನ್ನೋದು ನನಗೆ ಆಗ ಅರ್ಥವಾಯ್ತು. ಪ್ರಾಸ್ಟೇಟ್ ದೊಡ್ಡದಾಗಿರೋ ಗಂಡಸರಲ್ಲಂತೂ ಈ ಸ್ಕ್ಯಾನ್ ಇನ್ನೂ ಮುಖ್ಯ. ಅವರಲ್ಲಿ ಮೂತ್ರ ಪೂರ್ತಿ ಕಟ್ಟಿಹೋಗೋ ಅಪಾಯ ಇದೆ.

ಈಗ ನಿಮ್ಮ ಮನಸ್ಸಲ್ಲಿರೋ ಪ್ರಶ್ನೆ: ಈ ಮಾತ್ರೆಯಿಂದ ಡಿಮೆನ್ಶಿಯಾ ಬರುತ್ತಾ?

ಇಲ್ಲಿ ಎರಡು ವಿಷಯ ಬೇರೆ ಬೇರೆ ಇಟ್ಟುಕೊಳ್ಳಬೇಕು. ಮಾತ್ರೆ ತಗೊಳ್ತಿರೋವಾಗ ಬರೋ ಗೊಂದಲ, ಮರೆವು ಒಂದು. ಅದು ಹೆಚ್ಚಾಗಿ ಮಾತ್ರೆ ನಿಂತ ಮೇಲೆ ಇಳಿಯುತ್ತೆ. ವರ್ಷಗಟ್ಟಲೆ ತಗೊಂಡ ಮೇಲೆ ಕಾಯಂ ಆಗಿ ಬರೋ ಡಿಮೆನ್ಶಿಯಾ ಇನ್ನೊಂದು. ಭಯ ಇರೋದು ಎರಡನೆಯದರ ಬಗ್ಗೆ.

ಅಮೆರಿಕದ ಸಿಯಾಟಲ್ ಕಡೆ 65 ದಾಟಿದ 3,434 ಜನರನ್ನ ಸರಾಸರಿ ಏಳು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2015ರಲ್ಲಿ ಒಂದು ಅಧ್ಯಯನ ಬಂತು. ಇಂಥ ಮಾತ್ರೆಗಳನ್ನ ಅತಿ ಹೆಚ್ಚು ತಗೊಂಡ ಗುಂಪಿನಲ್ಲಿ, ತಗೊಳ್ಳದವರಿಗಿಂತ ಡಿಮೆನ್ಶಿಯಾ ಅಪಾಯ ಶೇಕಡ 54ರಷ್ಟು ಹೆಚ್ಚಿತ್ತು. ಅಂದಾಜಿಗೆ ಹೇಳೋದಾದ್ರೆ, ನೂರರಲ್ಲಿ ಹತ್ತು ಜನಕ್ಕೆ ಬರೋ ಕಡೆ ಹದಿನೈದು ಜನಕ್ಕೆ ಅನ್ನೋ ಥರ. ಅತಿ ಹೆಚ್ಚು ಅಂದ್ರೆ ಎಷ್ಟು? ಉದಾಹರಣೆಗೆ ಆಕ್ಸಿಬ್ಯುಟಿನಿನ್ 5 ಮಿ.ಗ್ರಾಂ. ದಿನಾ ಮೂರು ವರ್ಷಕ್ಕೂ ಹೆಚ್ಚು. 2019ರಲ್ಲಿ ಬ್ರಿಟನ್ನಿನ ದೊಡ್ಡ ದಾಖಲೆಗಳಿಂದ ಬಂದ ಅಧ್ಯಯನದಲ್ಲೂ ಮೂತ್ರಕೋಶದ ಆಂಟಿಕೋಲಿನರ್ಜಿಕ್‌ಗಳಿಗೆ ಇಂಥದೇ ಸಂಬಂಧ ಕಂಡಿತು.

ಆದರೆ ಸಂಬಂಧ ಕಂಡಿತು ಅಂದ ಮಾತ್ರಕ್ಕೆ ಮಾತ್ರೆಯೇ ಕಾರಣ ಅಂತ ಆಗೋದಿಲ್ಲ. ಡಿಮೆನ್ಶಿಯಾ ಶುರುವಾಗೋ ಎಷ್ಟೋ ಮೊದಲೇ ಮಿದುಳಿನ ಬದಲಾವಣೆ ನಡೀತಿರುತ್ತೆ. ಮೂತ್ರಕೋಶಕ್ಕೆ "ಈಗ ಬೇಡ, ತಾಳು" ಅನ್ನೋದು ಮಿದುಳೇ ತಾನೆ? ಅದು ಸೋಲೋಕೆ ಶುರುವಾದಾಗ ಮೊದಲು ಮೂತ್ರದ ತೊಂದರೆ ಬರಬಹುದು, ಅದಕ್ಕೆ ಮಾತ್ರೆ ಬರೆದಿರಬಹುದು, ಡಿಮೆನ್ಶಿಯಾ ಆಮೇಲೆ ಹೊರಗೆ ಕಂಡಿರಬಹುದು. ಆಗ ಕಾರಣ, ಪರಿಣಾಮ ತಿರುಗುಮುರುಗು. ಬ್ರಿಟನ್ನಿನ ಅಧ್ಯಯನದವರು ಇದಕ್ಕೇ ರೋಗ ಪತ್ತೆಯಾಗೋ ಹಿಂದಿನ ಒಂದು ವರ್ಷದ ಮಾತ್ರೆಗಳನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ. ಆದರೂ ಸಂದೇಹ ಪೂರ್ತಿ ಹೋಗೋದಿಲ್ಲ. ನನಗೆ ಅರ್ಥವಾದ ಮಟ್ಟಿಗೆ, ಕಾಯಂ ಡಿಮೆನ್ಶಿಯಾ ಮಾತ್ರೆಯಿಂದಲೇ ಅಂತ ಸಾಬೀತಾಗಿಲ್ಲ. ತಗೊಳ್ಳೋವಾಗಿನ ಮರೆವು ಮಾತ್ರ ಪ್ರಯೋಗದಲ್ಲೇ ಕಂಡದ್ದು. ಎರಡನೆಯದು ಅನುಮಾನದಲ್ಲಿರೋವಾಗ ಬೇರೆ ದಾರಿ ಇದ್ದರೆ ಅದನ್ನ ಮೊದಲು ಯೋಚಿಸೋದು ಒಳ್ಳೇದು.

ಅವ್ವನಿಗೆ ಏನು ಮಾಡಿದ್ರು ಹೇಳ್ತೀನಿ. ನೆಗಡಿ ಮಾತ್ರೆ ಅದೇ ದಿನ ಬಂದ್. ಆಕ್ಸಿಬ್ಯುಟಿನಿನ್ ಕೂಡ ನಿಲ್ಲಿಸಿದ್ರು. ಅಮಿಟ್ರಿಪ್ಟಿಲಿನ್ ಮಾತ್ರ ಒಮ್ಮೆಗೇ ಬೇಡ ಅಂದ್ರು. ವರ್ಷಗಟ್ಟಲೆ ತಗೊಂಡಿದ್ದನ್ನ ದಿಢೀರ್ ಬಿಟ್ಟರೆ ನಿದ್ದೆ ಹಾರಿ, ಚಡಪಡಿಕೆ ಆಗಬಹುದು. ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ಪೂರ್ತಿ ನಿಲ್ಲಿಸೋದು. ಪಾದದ ಉರಿ ಮತ್ತೆ ಬಂದ್ರೆ ಬೇರೆ ನೋಡೋಣ ಅಂದ್ರು. ನಾನು ಶುರುವಲ್ಲಿ ತಾವಾಗಿಯೇ ನಿಲ್ಲಿಸಬೇಡಿ ಅಂದಿದ್ದು ಇದಕ್ಕೇ. ಯಾವುದು ತಕ್ಷಣ, ಯಾವುದು ನಿಧಾನ ಅನ್ನೋದು ನಮಗೆ ಗೊತ್ತಿರೋದಿಲ್ಲ.

ಜೊತೆಗೆ ಅಭ್ಯಾಸ. ಸಂಜೆ ಏಳರ ನಂತರ ನೀರು ಸ್ವಲ್ಪವೇ, ಹಗಲು ಬೇಕಾದಷ್ಟು. ನಾಲ್ಕು ಕಪ್ ಚಹಾ ಎರಡಕ್ಕೆ ಇಳೀತು, ಅದೇ ದೊಡ್ಡ ಜಗಳ. ಅವಸರ ಬಂದಾಗ ಓಡೋ ಬದಲು ನಿಂತು, ಮೂತ್ರ ತಡೆಯೋ ಸ್ನಾಯುಗಳನ್ನ ಐದಾರು ಸಲ ಬಿಗಿ ಹಿಡಿದು ಬಿಟ್ಟು, ಅವಸರ ಇಳಿದ ಮೇಲೆ ನಿಧಾನಕ್ಕೆ ನಡೆಯೋದು. ಗಂಟೆಗೊಮ್ಮೆ ಹೋಗ್ತಿದ್ದದ್ದನ್ನ ವಾರಕ್ಕೆ ಹದಿನೈದು ನಿಮಿಷದಂತೆ ದೂಡೋದು. ಸಕ್ಕರೆ ಜಾಸ್ತಿ ಇದ್ರೂ ಮೂತ್ರ ಜಾಸ್ತಿ, ಹಾಗಾಗಿ ಅದನ್ನೂ ಹತೋಟಿಗೆ ತಂದ್ರು.

ಮೂರು ವಾರಕ್ಕೆ ಅವ್ವನ ಮಾತು ಬದಲಾಗಿದ್ದು ನಮಗೆ ಕಂಡಿತು. ಒಂದು ದಿನ ಬೆಳಿಗ್ಗೆ, "ನಿನ್ನೆ ಹಾಲಿನವಗ ಹತ್ತು ರೂಪಾಯಿ ಹೆಚ್ಚಿಗಿ ಕೊಟ್ಟಿ ನೀ, ಇಸ್ಕೊ," ಅಂದ್ರು. ಹೌದು, ಕೊಟ್ಟಿದ್ದೆ. ನನಗೇ ನೆನಪಿರಲಿಲ್ಲ.

ಆದರೆ ಅವಸರ ಪೂರ್ತಿ ಹೋಗಲಿಲ್ಲ. ಆರು ವಾರದ ನಂತರ, ಮತ್ತೆ ಸ್ಕ್ಯಾನ್ ಮಾಡಿ ಒಳಗೆ 40 ಮಿ.ಲೀ. ಮಾತ್ರ ಉಳೀತಿದೆ ಅಂತ ನೋಡಿಕೊಂಡು, ಮಿರಾಬೆಗ್ರಾನ್ 25 ಮಿ.ಗ್ರಾಂ. ಶುರು ಮಾಡಿದ್ರು. ಇದು ಬೇರೆ ದಾರಿಯ ಔಷಧ. ಅಸಿಟೈಲ್‌ಕೋಲಿನ್‌ಗೆ ಅಡ್ಡ ನಿಲ್ಲೋದಿಲ್ಲ, ಮೂತ್ರಕೋಶ ತುಂಬೋವಾಗ ಸ್ನಾಯು ಸಡಿಲವಾಗಿರೋಕೆ ಬೇರೆ ಗುಂಡಿ ಒತ್ತುತ್ತೆ. ಬಾಯಿ ಅಷ್ಟು ಒಣಗೋದಿಲ್ಲ. ಆದರೆ ಇದಕ್ಕೂ ತನ್ನದೇ ಷರತ್ತುಗಳಿವೆ. ಬಿಪಿ ಏರಿಸಬಹುದು. ಬಿಪಿ ಹತೋಟಿಯಿಲ್ಲದೆ 180/110 ಮುಟ್ಟಿರೋರಿಗೆ ಇದು ಬೇಡವೇ ಬೇಡ. ಅವ್ವನಿಗೆ ಮೊದಲ ತಿಂಗಳು ದಿನ ಬಿಟ್ಟು ದಿನ ಬಿಪಿ ನೋಡ್ತಿದ್ವಿ. ಕೆಲವು ಮಾತ್ರೆಗಳು ದೇಹದಿಂದ ಹೊರಹೋಗೋದನ್ನ ಇದು ನಿಧಾನ ಮಾಡುತ್ತೆ, ಅಮಿಟ್ರಿಪ್ಟಿಲಿನ್ ಥರದವೂ ಅದರಲ್ಲಿ ಸೇರಿವೆ. ಅದು ಮೊದಲು ನಿಲ್ಲಲಿ ಅಂತ ಕಾದಿದ್ದು ಇದಕ್ಕೂ ಹೌದು. ಪೂರ್ತಿ ಫಲ ಕಾಣೋಕೆ ಎಂಟು ವಾರದ ತನಕ ಬೇಕು. ಹಳೇ ಮಾತ್ರೆಗಿಂತ ಬೆಲೆಯೂ ಜಾಸ್ತಿ.

ಈಗ ಅವ್ವ ಹಗಲು 8 ಸಲ, ರಾತ್ರಿ 2 ಸಲ ಏಳ್ತಾರೆ. ಪ್ರತಿ ಸಲ 200 ಮಿ.ಲೀ. ಮೇಲೆ. ಪಾದದ ಉರಿ ಸ್ವಲ್ಪ ವಾಪಸ್ ಬಂದಿದೆ, ರಾತ್ರಿ ಎಣ್ಣೆ ತಿಕ್ಕಿಸಿಕೊಂಡು ಸಹಿಸ್ಕೊಳ್ತಿದ್ದಾರೆ. ಎಲ್ಲ ಸರಿಹೋಯ್ತು ಅಂತ ನಾನು ಹೇಳೋದಿಲ್ಲ.

ಹಾಗಂತ ಮೂತ್ರದ ತೊಂದರೆಗೆ ಔಷಧವೇ ಬೇಡ ಅಂತ ಕೂರೋದೂ ತಪ್ಪು. ರಾತ್ರಿ ಕತ್ತಲಲ್ಲಿ ಅವಸರದಲ್ಲಿ ಓಡಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರೆ ಅದರ ಕಷ್ಟ ಬೇರೆ. ಮನೆಯಿಂದ ಹೊರಗೇ ಹೋಗದೆ ಕೂತರೂ ಮನಸ್ಸು ಕುಗ್ಗುತ್ತೆ. ಕೆಲವರಿಗೆ ಮಿರಾಬೆಗ್ರಾನ್ ಆಗೋದಿಲ್ಲ, ಅವರಿಗೆ ಡಾಕ್ಟರು ಮಿದುಳಿಗೆ ಕಡಿಮೆ ಹೋಗೋ ಆಂಟಿಕೋಲಿನರ್ಜಿಕ್ ಅನ್ನೇ ಕಡಿಮೆ ಪ್ರಮಾಣದಲ್ಲಿ ಕೊಡಬಹುದು. ಆಗ ಡಬ್ಬಿಯಲ್ಲಿರೋ ಇನ್ನೆರಡು ಅಂಥ ಮಾತ್ರೆ ತೆಗೆದುಹಾಕಿದ್ರೂ ಭಾರ ಎಷ್ಟೋ ಇಳಿಯುತ್ತೆ.

ಮರೆವಿನ ಕಾಯಿಲೆ ಈಗಾಗಲೇ ಇರೋರ ಮನೆಯವರಿಗೆ ಒಂದು ಮಾತು. ನೆನಪಿಗೆ ಅಂತ ಕೊಡೋ ಡೊನೆಪೆಜಿಲ್ ಅಸಿಟೈಲ್‌ಕೋಲಿನ್ ಹೆಚ್ಚಿಸುತ್ತೆ. ಅದರಿಂದ ಮೂತ್ರದ ಅವಸರ ಬರಬಹುದು. ಅದನ್ನ ಹೊಸ ಕಾಯಿಲೆ ಅಂದ್ಕೊಂಡು ಆಕ್ಸಿಬ್ಯುಟಿನಿನ್ ಸೇರಿಸಿದ್ರೆ, ಒಂದು ಮಾತ್ರೆ ಏರಿಸಿದ್ದನ್ನ ಇನ್ನೊಂದು ಇಳಿಸುತ್ತೆ. ಎರಡಕ್ಕೂ ದುಡ್ಡು ಕೊಡೋರು ನಾವು. ಈ ಜೋಡಿ ಕಂಡ್ರೆ ಡಾಕ್ಟರನ್ನ ನೇರ ಕೇಳಿ.

ಇನ್ನೂ ಒಂದು. ಮರೆವು ತಿಂಗಳುಗಳಲ್ಲಿ ನಿಧಾನಕ್ಕೆ ಬಂದ್ರೆ ಒಂದು ಲೆಕ್ಕ. ಒಂದೆರಡು ದಿನದಲ್ಲಿ ದಿಢೀರನೆ ಮಾತು ತಪ್ಪಿ, ಹೊತ್ತು ಗೊತ್ತು ಇಲ್ಲದ ಹಾಗಾದ್ರೆ ಅದು ಬೇರೆ. ಮೂತ್ರದ ಸೋಂಕು, ಸೋಡಿಯಂ ಇಳಿದಿರೋದು, ಮೂತ್ರ ಕಟ್ಟಿರೋದು, ಹೊಸ ಮಾತ್ರೆ, ಯಾವುದಾದರೂ ಇರಬಹುದು. ಅದಕ್ಕೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ನಾನು ಈಗ ಅವ್ವನ ಡಬ್ಬಿಯ ಮುಚ್ಚಳದ ಒಳಗೆ ಒಂದು ಹಾಳೆ ಅಂಟಿಸಿದ್ದೀನಿ. ಮಾತ್ರೆ ಹೆಸರು, ಯಾತಕ್ಕೆ, ಯಾರು ಬರೆದ್ರು, ಯಾವ ತಿಂಗಳು ಶುರು. ಕೊನೇ ಕಾಲಂನಲ್ಲಿ, ಶುರುವಾದ ಮೇಲೆ ನಾವು ಕಂಡ ಬದಲಾವಣೆ. ಅಂಗಡಿಯ ನೆಗಡಿ ಮಾತ್ರೆಗೂ ಒಂದು ಸಾಲು. ಜೂನ್, ಜುಲೈ, ಆಗಸ್ಟ್ ಅಂತ ಆವತ್ತೇ ಹೀಗೆ ಒಂದರ ಕೆಳಗೆ ಒಂದು ಬರೆದಿದ್ದರೆ, ಅಕ್ಟೋಬರ್ ತನಕ ಕಾಯೋದು ಬೇಕಿರಲಿಲ್ಲ.

ಕಳೆದ ತಿಂಗಳು ಅವ್ವ ಧಾರವಾಡಕ್ಕೆ ಹೋಗಿಬಂದ್ರು. ಬಸ್ಸಲ್ಲಲ್ಲ, ರೈಲಲ್ಲಿ, ಬಾಗಿಲ ಹತ್ತಿರದ ಸೀಟು ಹಿಡಿದು. ಹೋಗಿಬಂದ ಮೇಲೆ ಯಾರ್ಯಾರ ಮನೆಯಲ್ಲಿ ಏನೇನು ಊಟ ಅಂತ ಒಂದೂ ಬಿಡದೆ ಹೇಳಿದ್ರು.

ಮನೆಗೆ ಹೋಗಿ ಒಮ್ಮೆ ಡಬ್ಬಿ ತೆಗೆದು ನೋಡಿ.